‘ಆಯೋಜಕರು ಜವಾಬ್ದಾರರಲ್ಲ’ ಎಂಬ ಆ ಸಾಲಿನ ಬಗ್ಗೆ

ನಮ್ಮ ತಾಲೂಕಿನ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಪಂದ್ಯಾಟ ಸಮಿತಿಗಳ ಅಧ್ಯಕ್ಷ, ಕಾರ್ಯದರ್ಶಿಗಳಿಗೆ ಮತ್ತು ಈ ಪಂದ್ಯಾಟಗಳಿಗೆ ಅನುಮತಿ ಕೊಡುವ ಅಧಿಕಾರಿಗಳಿಗೆ,

ನಮಸ್ಕಾರ. ದೀಪಾವಳಿ ಕಳೆದರೆ ಸಾಕು, ಊರೂರಿನ ಶಾಲಾ ಮೈದಾನದಲ್ಲಿ ಹೊನಲು ಬೆಳಕಿನ ಪಂದ್ಯಾಟಗಳು ಶುರುವಾಗುತ್ತವೆ. ದ್ವಾರದ ಪಕ್ಕ ಒಂದು ಫ್ಲೆಕ್ಸ್ ಏಳುತ್ತದೆ. ಅದರ ತುಂಬ ಮುಖಂಡರ ಫೋಟೊ, ಬಹುಮಾನದ ಮೊತ್ತ, ಕಾಮೆಂಟರಿಯವರ ಹೆಸರು. ಎಲ್ಲಕ್ಕಿಂತ ಕೆಳಗೆ, ಓದಲು ಬಗ್ಗಬೇಕಾದ ಅಕ್ಷರದಲ್ಲಿ ಒಂದು ಸಾಲು: ‘ಪ್ರೇಕ್ಷಕರಿಗೆ ಆಗುವ ಯಾವುದೇ ಅನಾಹುತಕ್ಕೆ ಆಯೋಜಕರು ಜವಾಬ್ದಾರರಲ್ಲ.’

ಆ ಸಾಲನ್ನು ನಮ್ಮ ತಾಲೂಕಿಗೆ ತಂದವನು ಬಹುಶಃ ನಾನೇ. ವಕೀಲಿ ಶುರು ಮಾಡಿದ ಹೊಸತರಲ್ಲಿ ಒಂದು ಯುವಕ ಸಂಘದವರು ಬಂದು, ‘ವಕೀಲ್ರೇ, ಏನಾದ್ರೂ ಆದ್ರೆ ನಮ್ಮ ತಲೆಗೆ ಬರಬಾರ್ದು, ಹಂಗೊಂದು ಬರೆದುಕೊಡಿ’ ಎಂದರು. ಕಾನೂನು ಪುಸ್ತಕದ ‘ವೊಲೆಂಟಿ ನಾನ್ ಫಿಟ್ ಇಂಜೂರಿಯಾ’ ಆಗಿನ್ನೂ ತಲೆಯಲ್ಲಿ ಬಿಸಿಬಿಸಿಯಾಗಿತ್ತು. ಅಪಾಯಕ್ಕೆ ತಾನಾಗಿ ಒಪ್ಪಿದವನಿಗೆ ದೂರುವ ಹಕ್ಕಿಲ್ಲ ಎಂಬುದು ಅದರ ತಾತ್ಪರ್ಯ. ಬರೆದುಕೊಟ್ಟೆ. ಫೀಸಿನ ಬದಲು ಒಂದು ಟೀ ಶರ್ಟು ಸಿಕ್ಕಿತು. ಆಮೇಲೆ ಆ ಸಾಲನ್ನು ಒಬ್ಬರನ್ನು ನೋಡಿ ಒಬ್ಬರು ಇಳಿಸಿಕೊಂಡರು. ಈಗ ಫ್ಲೆಕ್ಸ್ ಅಂಗಡಿಯವನೇ ಕೇಳದೆ ಹಾಕಿಬಿಡುತ್ತಾನೆ.

ಆ ಸಾಲು ಸುಳ್ಳು ಧೈರ್ಯ ಕೊಡುತ್ತದೆ ಎಂದು ನನಗೆ ಅರ್ಥವಾದದ್ದು ಕೆಲವು ವರ್ಷಗಳ ಹಿಂದೆ, ಒಂದೇ ಪಂದ್ಯಾಟದಲ್ಲಿ ಏಟು ತಿಂದ ಇಬ್ಬರು ನನ್ನ ಕಚೇರಿಗೆ ಬಂದಾಗ. ಊರು, ಸಂಘ, ಜನ ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಅಲ್ಲಿ ನಡೆದದ್ದು ನಿಮ್ಮ ಮೈದಾನದಲ್ಲೂ ನಡೆಯುವಂಥದ್ದೇ.

ಮೊದಲನೆಯವರು ಐವತ್ತರ ಆಸುಪಾಸಿನವರು, ಕಾಲೇಜು ದಿನಗಳಲ್ಲಿ ತಾವೂ ಆಡಿದವರು. ಲಾಂಗ್ ಆನ್ ಬದಿಯಲ್ಲಿ ಬೌಂಡರಿ ಹಗ್ಗದಿಂದ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಿಕ್ಸರ್ ನೇರವಾಗಿ ಬಂದು ಬಾಯಿಗೆ ಬಡಿದು ಎರಡು ಹಲ್ಲು ಹೋದವು. ಎರಡನೆಯವರು ಹೊಲಿಗೆ ಕೆಲಸದ ಹೆಂಗಸು. ಐವತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡು ಗ್ಯಾಲರಿ ಹತ್ತಿದ್ದರು. ಸೆಮಿಫೈನಲ್‌ನ ಕೊನೆಯ ಓವರಿನಲ್ಲಿ ಗ್ಯಾಲರಿ ಪಕ್ಕಕ್ಕೆ ವಾಲಿ ಮಲಗಿತು. ಅವರ ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದು, ರಾಡ್ ಹಾಕಿಸಬೇಕಾಯಿತು. ಮಷಿನ್ನಿನ ಪೆಡಲು ತುಳಿಯುವುದು ಆ ಕಾಲೇ.

ಸಮಿತಿಯವರು ಇಬ್ಬರಿಗೂ ಕೊಟ್ಟ ಉತ್ತರ ಒಂದೇ: ಬೋರ್ಡು ಹಾಕಿದ್ದೆವಲ್ಲ, ಗೊತ್ತಿದ್ದೂ ಬಂದಿರಿ.

ಹಲ್ಲು ಕಳೆದುಕೊಂಡವರಿಗೆ ನಾನೂ ‘ಕೇಸು ಬೇಡ’ ಎಂದೆ. ಬೇಸರ ಮಾಡಿಕೊಂಡರು. ಕಾರಣ ಮಾತ್ರ ಬೋರ್ಡಲ್ಲ. ಬೋರ್ಡೇ ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಇಲ್ಲಿ ಎರಡು ಪ್ರಶ್ನೆಗಳಿವೆ, ನಾವು ಅವನ್ನು ಒಂದೇ ಎಂದುಕೊಂಡು ಎಡವುತ್ತೇವೆ. ಆಯೋಜಕರು ತಪ್ಪು ಮಾಡಿದರೇ ಎಂಬುದು ಮೊದಲ ಪ್ರಶ್ನೆ. ಅದನ್ನು ಏಟು ತಿಂದವರು ಸಾಬೀತು ಮಾಡಬೇಕು. ತಪ್ಪು ಮಾಡಿದ್ದರೆ ಮಾತ್ರ ಎರಡನೆಯದು ಏಳುತ್ತದೆ: ಆ ತಪ್ಪಿನಿಂದ ಬರುವ ಅಪಾಯಕ್ಕೂ ಪ್ರೇಕ್ಷಕ ಒಪ್ಪಿಕೊಂಡಿದ್ದನೇ? ಇದನ್ನು ಸಾಬೀತು ಮಾಡುವ ಹೊರೆ ಆಯೋಜಕರದ್ದು. ಸಿಕ್ಸರ್ ಪ್ರೇಕ್ಷಕರ ನಡುವೆ ಬೀಳುವುದು ಆಟದ ಭಾಗ. ಹಗ್ಗ ಇರಬೇಕಾದಲ್ಲೇ ಇತ್ತು, ಬೆಳಕು ಚೆನ್ನಾಗಿತ್ತು, ಅವರ ದೃಷ್ಟಿಗೆ ಯಾವುದೂ ಅಡ್ಡವಿರಲಿಲ್ಲ. ಅಂದಮೇಲೆ ಮೊದಲ ಪ್ರಶ್ನೆಯಲ್ಲೇ ಅವರ ಕೇಸು ಮುಗಿಯಿತು. ಹೊಡೆದ ಬ್ಯಾಟ್ಸ್‌ಮನ್‌ನನ್ನೂ ದೂರುವಂತಿಲ್ಲ. ಅವನ ಕೆಲಸವೇ ಅದು.

ಈ ವಿಚಾರದಲ್ಲಿ ನಮ್ಮ ನ್ಯಾಯಾಲಯಗಳಲ್ಲಿ ವಕೀಲರು ಮೊದಲು ತೆಗೆಯುವುದು ಇಂಗ್ಲೆಂಡಿನ ಹಳೆಯ ತೀರ್ಪುಗಳನ್ನೇ. ಅವು ಇಲ್ಲಿ ಕಟ್ಟುಪಾಡಲ್ಲ, ಆದರೂ ನ್ಯಾಯಾಧೀಶರು ಅವಕ್ಕೆ ಕಿವಿಗೊಡುತ್ತಾರೆ. ಬ್ರೂಕ್‌ಲ್ಯಾಂಡ್ಸ್ ಎಂಬ ಕಾರ್ ರೇಸ್ ಟ್ರ್ಯಾಕಿನಲ್ಲಿ 1930ರಲ್ಲಿ ಎರಡು ಕಾರುಗಳು ತಾಗಿ, ಒಂದು ಕಂಬಿಬೇಲಿ ದಾಟಿ ಜನರ ಮೇಲೆ ಬಿತ್ತು. ಇಬ್ಬರು ಸತ್ತರು. ಟ್ರ್ಯಾಕ್ ಶುರುವಾಗಿ 23 ವರ್ಷ ಆಗಿತ್ತು, ಒಂದು ಕಾರೂ ಹಾಗೆ ದಾಟಿರಲಿಲ್ಲ. ಆಯೋಜಕರು ಮಾಡಬೇಕಾದ ಎಚ್ಚರಿಕೆ ಮಾಡಿದ್ದರು ಎಂದು ಮೇಲ್ಮನವಿ ನ್ಯಾಯಾಲಯ ಅವರನ್ನು ಬಿಟ್ಟಿತು. 1951ರಲ್ಲಿ ಹ್ಯಾರಿಂಗೇ ಅರೀನಾದ ಐಸ್ ಹಾಕಿ ಪ್ರಕರಣದಲ್ಲಿ, ಮುಂದಿನ ಸಾಲಲ್ಲಿ ಅಪ್ಪ ಅಮ್ಮನ ಜೊತೆ ಕೂತಿದ್ದ ಆರು ವರ್ಷದ ಹುಡುಗನ ಕಣ್ಣಿಗೆ ಆಟದ ಪಕ್ ಎಂಬ ಗಟ್ಟಿ ಬಿಲ್ಲೆ ಬಡಿದಿತ್ತು. ಅವನೂ ಸೋತ. ಆ ತೀರ್ಪು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಆರು ವರ್ಷದ ಮಗು ಯಾವ ಅಪಾಯಕ್ಕೆ ಒಪ್ಪಿತ್ತು? ಆದರೆ ಮಗು ಸೋತದ್ದು ಒಪ್ಪಿಗೆಯ ಮೇಲಲ್ಲ, ಆಯೋಜಕರ ತಪ್ಪೇ ಸಾಬೀತಾಗಲಿಲ್ಲ ಎಂಬುದರ ಮೇಲೆ.

ಇದಿಷ್ಟೂ ನಿಮಗೆ ಖುಷಿ ಕೊಡಬಹುದು. ಈಗ ಗ್ಯಾಲರಿಗೆ ಬರೋಣ.

ಕಟ್ಟಿದ್ದು ಹೀಗೆ: ಗಾಳಿ ಮರದ ಕಂಬ, ಕೂರಲು ಅಡಿಕೆ ದಬ್ಬೆ, ಎಲ್ಲವನ್ನೂ ಬಿಗಿದದ್ದು ನೈಲಾನ್ ಹಗ್ಗದಿಂದ. ಐದು ಹಂತ, ಉದ್ದ ನಲವತ್ತು ಅಡಿ. ಒಬ್ಬರು ಕೂರಲು ಒಂದೂವರೆ ಅಡಿ ಬೇಕು ಎಂದಿಟ್ಟುಕೊಂಡರೆ ಒಂದು ಹಂತಕ್ಕೆ ಇಪ್ಪತ್ತಾರು ಜನ, ಒಟ್ಟು ನೂರಮೂವತ್ತು. ಆ ರಾತ್ರಿ ಗ್ಯಾಲರಿಗೆ ಹರಿದುಕೊಟ್ಟ ಟಿಕೆಟ್ಟಿನ ಪುಸ್ತಕದ ಕೌಂಟರ್‌ಫೈಲ್ ಎಣಿಸಿದಾಗ ಇನ್ನೂರಹತ್ತು ಇದ್ದವು. ಟಿಕೆಟ್ ಇಲ್ಲದೆ ಹಿಂದಿನಿಂದ ಹತ್ತಿದ ಹುಡುಗರ ಲೆಕ್ಕ ದೇವರಿಗೇ ಗೊತ್ತು.

ಭಾರ ಹೆಚ್ಚಾಗಿದ್ದು ಒಂದು ಕಾರಣ ಮಾತ್ರ. ಇಂಥ ಗ್ಯಾಲರಿ ನೇರ ಕೆಳಗೆ ಕುಸಿಯುವುದಕ್ಕಿಂತ ಪಕ್ಕಕ್ಕೆ ವಾಲಿ ಬೀಳುವುದೇ ಹೆಚ್ಚು. ನಿಂತ ಕಂಬಗಳು ಭಾರವನ್ನು ತಡೆದುಕೊಳ್ಳುತ್ತವೆ, ಓಲಾಟವನ್ನು ತಡೆಯುವುದಿಲ್ಲ. ಅದಕ್ಕೆ ಕಂಬದಿಂದ ಕಂಬಕ್ಕೆ ಓರೆಯಾಗಿ, ಕತ್ತರಿಯಂತೆ ಅಡ್ಡಮರ ಬಿಗಿಯಬೇಕು. ಇಲ್ಲಿ ಹಿಂಬದಿಯಲ್ಲಿ ಒಂದೇ ಒಂದು ಓರೆಮರ ಇತ್ತು, ಪಕ್ಕಗಳಲ್ಲಿ ಇರಲೇ ಇಲ್ಲ. ಸಿಕ್ಸರ್ ಹೋದಾಗ ಇನ್ನೂರು ಜನ ಒಟ್ಟಿಗೆ ಎದ್ದು ಕುಣಿದರೆ ಹಗ್ಗದ ಗಂಟು ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಸೂಚನೆ ಮೊದಲೇ ಸಿಗುತ್ತದೆ. ದಬ್ಬೆ ಕಿರುಗುಟ್ಟುತ್ತದೆ, ಸಂಜೆ ನೆಟ್ಟಗಿದ್ದ ಕಂಬ ರಾತ್ರಿ ಹತ್ತಕ್ಕೆ ಓರೆಯಾಗಿ ಕಾಣುತ್ತದೆ, ಗಂಟಿನ ಸಂದಿಗೆ ಬೆರಳು ತೂರುತ್ತದೆ. ಗ್ಯಾಲರಿ ಕಟ್ಟಿದವನಿಗೆ ಇದು ಗೊತ್ತು. ಕೂತವರಿಗೆ ಗೊತ್ತಿರಲೇಬೇಕು ಎನ್ನುವುದಾದರೂ ಹೇಗೆ?

ಒಪ್ಪಿಗೆಯ ಮಾತು ಬಿದ್ದುಹೋಗುವುದು ಇಲ್ಲೇ. ಹೊಲಿಗೆಯ ಅಕ್ಕ ಒಪ್ಪಿದ್ದು ಆಟದ ಅಪಾಯಕ್ಕೆ. ಚೆಂಡು ಬಂದೀತು, ಯಾರಾದರೂ ಕ್ಯಾಚ್ ಹಿಡಿಯಲು ಓಡಿ ಮೈಮೇಲೆ ಬಿದ್ದಾರು. ಕತ್ತರಿಮರ ಕಟ್ಟದ ಗ್ಯಾಲರಿ ಆಟದ ಭಾಗವಲ್ಲ. ಅದು ಗುತ್ತಿಗೆದಾರನ ಉಳಿತಾಯದ ಭಾಗ.

1972ರ ಇಂಗ್ಲೆಂಡಿನ ಇನ್ನೊಂದು ತೀರ್ಪು ನಮ್ಮ ಗ್ಯಾಲರಿಗೆ ಅಳತೆ ತೆಗೆದು ಹೊಲಿದಂತಿದೆ. ವೈಟ್ ವಿರುದ್ಧ ಬ್ಲ್ಯಾಕ್‌ಮೋರ್. ಹಳೆ ಗುಜರಿ ಕಾರುಗಳ ಹಳ್ಳಿ ರೇಸು. ವೈಟ್ ಎಂಬಾತ ಸ್ವತಃ ಸ್ಪರ್ಧಿ. ತನ್ನ ಸರದಿ ಇಲ್ಲದಾಗ ಹೆಂಡತಿ ಮಕ್ಕಳ ಬಳಿ ಬಂದು ಹಗ್ಗದ ಪಕ್ಕ ನಿಂತು ನೋಡುತ್ತಿದ್ದ. ದೂರದಲ್ಲೆಲ್ಲೋ ಒಂದು ಕಾರಿನ ಚಕ್ರ ಹಗ್ಗಕ್ಕೆ ಸಿಕ್ಕಿತು. ಹಗ್ಗಗಳನ್ನು ಕಟ್ಟಿದ ರೀತಿಯೇ ತಪ್ಪಾಗಿದ್ದರಿಂದ ಆ ಎಳೆತಕ್ಕೆ ಗೂಟಗಳು ಕಿತ್ತು, ಆತ ಗಾಳಿಗೆ ಎಸೆಯಲ್ಪಟ್ಟು, ಆಮೇಲೆ ತೀರಿಕೊಂಡ. ರೇಸು ಅಪಾಯ ಎಂದು ಸ್ಪರ್ಧಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನ್ಯಾಯಾಲಯ ಹೇಳಿದ್ದು, ಹಗ್ಗ ಕಟ್ಟಿದ ರೀತಿ ತಪ್ಪಾಗಿತ್ತು ಎಂಬುದು ಆತನಿಗೆ ತಿಳಿದಿರಲಿಲ್ಲ, ತಿಳಿಯದ ಅಪಾಯಕ್ಕೆ ಒಪ್ಪಿಗೆ ಇರಲಾರದು ಎಂದು. ಒಪ್ಪಿಗೆಯ ವಾದ ಸೋತಿತು.

ಪ್ರಾಮಾಣಿಕವಾಗಿ ಇನ್ನರ್ಧವನ್ನೂ ಹೇಳಬೇಕು, ಇಲ್ಲವಾದರೆ ನಿಮ್ಮ ವಕೀಲರು ಹೇಳುತ್ತಾರೆ. ಅದೇ ಪ್ರಕರಣದಲ್ಲಿ ಆಯೋಜಕರು ಕೊನೆಗೆ ಗೆದ್ದರು. ಮೈದಾನದಲ್ಲಿ ನಮ್ಮ ಫ್ಲೆಕ್ಸಿನಂಥದ್ದೇ ಎಚ್ಚರಿಕೆ ಫಲಕಗಳಿದ್ದವು, ಅವು ಹೊಣೆಯನ್ನು ಕಳೆದವು ಎಂದು ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಹೇಳಿದರು. ಲಾರ್ಡ್ ಡೆನ್ನಿಂಗ್ ಒಪ್ಪಲಿಲ್ಲ. ಆ ಬಾಗಿಲನ್ನು ಇಂಗ್ಲೆಂಡೇ 1977ರಲ್ಲಿ ಬಹುಮಟ್ಟಿಗೆ ಮುಚ್ಚಿತು. ವ್ಯಾಪಾರವಾಗಿ ನಡೆಸುವವರು ತಮ್ಮ ನಿರ್ಲಕ್ಷ್ಯದಿಂದ ಸಾವು ಅಥವಾ ಗಾಯವಾದರೆ ಬೋರ್ಡು ತೋರಿಸಿ ನುಣುಚಿಕೊಳ್ಳುವಂತಿಲ್ಲ ಎಂದು ಕಾಯ್ದೆಯನ್ನೇ ತಂದರು.

ನಮ್ಮಲ್ಲಿ ಅಂಥದೇ ಕಾಯ್ದೆ ಇಲ್ಲ. ಇರುವುದು ಒಂದು ಡ್ರೈಕ್ಲೀನಿಂಗ್ ರಸೀದಿಯ ಕಥೆ. ಲಿಲ್ಲಿ ವೈಟ್ ಎಂಬ ಅಂಗಡಿಗೆ ಒಬ್ಬರು ಹೊಸ ಸೀರೆ ಕೊಟ್ಟಿದ್ದರು, ಅದು ಕಳೆದುಹೋಯಿತು. ಬಟ್ಟೆ ಕಳೆದರೆ ಬೆಲೆಯ ಶೇ 15 ಮಾತ್ರ ಕೊಡುತ್ತೇವೆ ಎಂದು ರಸೀದಿಯಲ್ಲಿ ಅಚ್ಚಾಗಿತ್ತು. 1966ರಲ್ಲಿ ವರದಿಯಾದ ಆ ತೀರ್ಪಿನಲ್ಲಿ ಮದ್ರಾಸ್ ಹೈಕೋರ್ಟ್, ಅಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧ, ನಡೆಯುವುದಿಲ್ಲ ಎಂದಿತು. ಸೀರೆಯ ವಿಷಯದಲ್ಲೇ ನಡೆಯದ ಅಚ್ಚಿನ ಸಾಲು ಕಾಲಿನ ವಿಷಯದಲ್ಲಿ ನಡೆಯುತ್ತದೆ ಎಂದು ವಾದಿಸಲು ನನಗಂತೂ ಬಾಯಿ ಬರುವುದಿಲ್ಲ. ಅದೂ ಅಲ್ಲದೆ ನಮ್ಮ ಪಂದ್ಯಾಟಕ್ಕೆ ಬರುವವರಲ್ಲಿ ಅರ್ಧ ಜನ ಶಾಲಾ ಮಕ್ಕಳು. ಹದಿನೆಂಟು ತುಂಬದವರ ಜೊತೆ ಮಾಡಿಕೊಂಡ ಒಪ್ಪಂದವೇ ಊರ್ಜಿತವಲ್ಲ ಎಂದಮೇಲೆ ಫ್ಲೆಕ್ಸಿನ ಷರತ್ತು ಅವರಿಗೆ ಹೇಗೆ ತಗುಲುತ್ತದೆ?

ಹೊಲಿಗೆಯ ಅಕ್ಕನ ಕೇಸಿನಲ್ಲಿ ಸಮಿತಿಯ ವಕೀಲರು ಒಂದು ಬಲವಾದ ದಾಳ ಉರುಳಿಸಿದರು. ಪಂದ್ಯಾಟ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗಿತ್ತು. ಅದರಲ್ಲಿ ಕಾಮೆಂಟರಿಯವರು ‘ಗ್ಯಾಲರಿಯಲ್ಲಿ ಜಾಸ್ತಿ ಜನ ಆಗಿದ್ದೀರಿ, ದಯವಿಟ್ಟು ಸ್ವಲ್ಪ ಜನ ಇಳಿಯಿರಿ’ ಎಂದು ಮೂರು ಸಲ ಹೇಳಿದ್ದು ಸ್ಪಷ್ಟವಾಗಿ ಕೇಳುತ್ತದೆ. ನೋಡಿ, ಎಚ್ಚರಿಸಿದ್ದೆವು, ಆದರೂ ಇಳಿಯಲಿಲ್ಲ, ಅಂದರೆ ಒಪ್ಪಿಕೊಂಡ ಹಾಗೆ ಎಂಬುದು ಅವರ ವಾದ. ನನಗೂ ಒಂದು ಕ್ಷಣ ದಿಗಿಲಾಯಿತು.

ಮನೆಗೆ ಹೋಗಿ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದೆ. ಮೊದಲ ಸೂಚನೆಗೂ ಗ್ಯಾಲರಿ ಬಿದ್ದದ್ದಕ್ಕೂ ನಡುವೆ ನಲವತ್ತು ನಿಮಿಷ ಇತ್ತು. ಆ ನಲವತ್ತು ನಿಮಿಷದಲ್ಲಿ ಆಟ ನಿಲ್ಲಲಿಲ್ಲ. ಒಬ್ಬ ಸ್ವಯಂಸೇವಕನೂ ಮೆಟ್ಟಿಲ ಬಳಿ ಹೋಗಲಿಲ್ಲ. ಎರಡನೆಯ ಸೂಚನೆಯಾದ ಮೇಲೂ ಕೌಂಟರಿನಲ್ಲಿ ಟಿಕೆಟ್ ಹರಿಯುತ್ತಲೇ ಇದ್ದರು, ಅದೂ ಕ್ಯಾಮೆರಾದ ಮೂಲೆಯಲ್ಲಿ ಕಾಣುತ್ತದೆ. ಆ ಸೂಚನೆ ಪ್ರೇಕ್ಷಕರ ಒಪ್ಪಿಗೆಯನ್ನು ತೋರಿಸಲಿಲ್ಲ, ಆಯೋಜಕರಿಗೆ ಅಪಾಯ ಗೊತ್ತಿತ್ತು ಎಂಬುದನ್ನು ತೋರಿಸಿತು. ನಡುವಿನ ಹಂತದಲ್ಲಿ ಇಕ್ಕಟ್ಟಿನಲ್ಲಿ ಕೂತ ಹೆಂಗಸು ಮೈಕಿನ ಮಾತು ಕೇಳಿ ಇಳಿಯಬೇಕೆಂದರೂ ದಾರಿಯಿರಲಿಲ್ಲ. ಗೊತ್ತಾಗುವುದು ಬೇರೆ, ಒಪ್ಪುವುದು ಬೇರೆ. ಬೇರೆ ದಾರಿ ಇದ್ದೂ, ಅಪಾಯವನ್ನು ಪೂರ್ತಿ ಅರಿತೂ, ‘ಆಗಲಿ, ಆದದ್ದು ನನಗೇ ಇರಲಿ’ ಎಂದು ತಾನಾಗಿ ನಿಂತರೆ ಮಾತ್ರ ಅದು ಒಪ್ಪಿಗೆ. ಹಿಂದಿನಿಂದ ಕಂಬ ಹಿಡಿದು ಹತ್ತಿದ ಹುಡುಗರ ಮೇಲೆ ಈ ವಾದ ಒಂದಿಷ್ಟು ನಿಲ್ಲಬಹುದಿತ್ತು. ಆಗಲೂ ನ್ಯಾಯಾಲಯ ಕೇಸನ್ನು ಪೂರ್ತಿ ತಳ್ಳಿಹಾಕುವ ಬದಲು, ಅವರದೂ ಇಷ್ಟು ಪಾಲು ತಪ್ಪಿದೆ ಎಂದು ಪರಿಹಾರವನ್ನು ಕಡಿಮೆ ಮಾಡುವ ಸಂಭವವೇ ಹೆಚ್ಚು.

ಟಿಕೆಟ್ ಇದ್ದದ್ದರಿಂದ ನಾವು ಗ್ರಾಹಕರ ಆಯೋಗಕ್ಕೆ ಹೋಗಿದ್ದೆವು. ಹಣ ಕೊಟ್ಟು ಪಡೆದ ಮನರಂಜನೆಯೂ ಸೇವೆಯೇ. ಎರಡು ವರ್ಷದೊಳಗೆ ದೂರು ಕೊಡಬೇಕು. ಉಚಿತ ಪ್ರವೇಶವಾಗಿದ್ದರೆ ಆ ಬಾಗಿಲು ಇಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಯಾರ ಮೇಲೆ ಎಂಬ ಪ್ರಶ್ನೆ ಬಂತು, ಏಕೆಂದರೆ ಆ ಸಂಘ ನೋಂದಣಿಯೇ ಆಗಿರಲಿಲ್ಲ. ಕೊನೆಗೆ ಕೈಹಿಡಿದದ್ದು ಆಮಂತ್ರಣ ಪತ್ರಿಕೆ. ಅದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮೈದಾನ ಉಸ್ತುವಾರಿ ಎಲ್ಲರ ಹೆಸರೂ ಫೋಟೊ ಸಮೇತ ಇದ್ದವು. ಎಲ್ಲರನ್ನೂ ಎದುರುದಾರರನ್ನಾಗಿ ಮಾಡಿದೆ. ಸಂಘ ನೋಂದಣಿಯಾಗಿಲ್ಲ ಎಂಬುದು ನಿಮಗೆ ರಕ್ಷಣೆಯಲ್ಲ, ಹೊಣೆ ನೇರ ನಿಮ್ಮ ಮನೆಗೇ ಬರುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ. ಕೇಸು ತೀರ್ಪಿನವರೆಗೆ ಹೋಗಲಿಲ್ಲ, ರಾಜಿಯಾಯಿತು. ಆಸ್ಪತ್ರೆಯ ಬಿಲ್ಲು, ಎಂಟು ತಿಂಗಳ ದುಡಿಮೆ, ಅದರ ಮೇಲೆ ಒಂದಿಷ್ಟು. ಮೂರು ಕಂತು. ಎರಡನೆಯ ಕಂತಿಗೆ ಕಾರ್ಯದರ್ಶಿ ತನ್ನ ಬೈಕ್ ಮಾರಿದ. ಕೆಟ್ಟ ಹುಡುಗನೇನಲ್ಲ. ಬೋರ್ಡು ಇದೆಯಲ್ಲ ಎಂದು ನಂಬಿದ್ದ.

ಪೊಲೀಸರ ಕಡೆಯಿಂದ ಬರುವುದು ಬೇರೆಯೇ. ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಲ್ಲಿ ಮೂರು ವರ್ಷದವರೆಗೆ, ಸಾವಾದರೆ 106ರಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ಒಪ್ಪಿಗೆಯ ರಕ್ಷಣೆ 25ನೇ ಕಲಮಿನಲ್ಲಿ ಇದೆ ನಿಜ. ಆದರೆ ಅದು ಹದಿನೆಂಟು ದಾಟಿದವರ ಒಪ್ಪಿಗೆಗೆ, ಅದೂ ಸಾವು ಅಥವಾ ತೀವ್ರ ಗಾಯ ಆಗಬಹುದೆಂದು ಗೊತ್ತಿಲ್ಲದ ಕೆಲಸಕ್ಕೆ ಮಾತ್ರ. ಅಲ್ಲಿ ಕೊಟ್ಟಿರುವ ಉದಾಹರಣೆ ಇಬ್ಬರು ಮೋಜಿಗಾಗಿ ಕತ್ತಿವರಸೆ ಆಡುವುದು. ಆಡುವವರ ಮಾತು ಅದು, ಗ್ಯಾಲರಿಯಲ್ಲಿ ಕೂತವರದ್ದಲ್ಲ.

ಇನ್ನೆರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ಮುಂದಿನ ಪಂದ್ಯದ ತಂಡದವರು ಪ್ರೇಕ್ಷಕರ ಬೆನ್ನ ಹಿಂದೆ ಕ್ಯಾಚ್ ಪ್ರಾಕ್ಟೀಸ್ ಮಾಡುತ್ತಾರಲ್ಲ, ಆ ಚೆಂಡು ತಲೆಗೆ ಬಡಿದರೆ ‘ಆಟದ ಭಾಗ’ ಎನ್ನಲು ಬಾರದು. ಜನ ನೋಡುತ್ತಿರುವುದು ಎದುರಿನ ಆಟವನ್ನು. ಮೈದಾನದಾಚೆಯ ರಸ್ತೆಯಲ್ಲಿ ಹೋಗುವವರ ಬಗ್ಗೆಯಂತೂ ಒಪ್ಪಿಗೆಯ ಮಾತೇ ಬರುವುದಿಲ್ಲ, ಅವರು ಪ್ರೇಕ್ಷಕರೇ ಅಲ್ಲ. ಮ್ಯಾಂಚೆಸ್ಟರಿನ ಒಂದು ಕ್ಲಬ್ಬಿನ ಮೈದಾನದಿಂದ 1947ರಲ್ಲಿ ಚೆಂಡು ಹಾರಿ ರಸ್ತೆಯ ಹೆಂಗಸಿಗೆ ಬಡಿದಾಗ ಕ್ಲಬ್ ಉಳಿದುಕೊಂಡಿತು. ಕಾರಣ ಒಪ್ಪಿಗೆಯಲ್ಲ. ಮೂವತ್ತು ವರ್ಷದಲ್ಲಿ ಸುಮಾರು ಆರು ಸಲ ಮಾತ್ರ ಚೆಂಡು ಅಲ್ಲಿಗೆ ಹೋಗಿತ್ತು, ಅಪಾಯ ಅಷ್ಟು ಸಣ್ಣದು ಎಂಬುದು. ನಮ್ಮ ಶಾಲಾ ಮೈದಾನಗಳಲ್ಲಿ ಒಂದು ಇನ್ನಿಂಗ್ಸಿಗೇ ಆರು ಚೆಂಡು ರಸ್ತೆಗೆ ಹೋಗುತ್ತವೆ.

ಹಾಗಾಗಿ ನನ್ನ ಕೋರಿಕೆ. ಅನುಮತಿ ಕೊಡುವ ಅಧಿಕಾರಿಗಳೇ, ಅರ್ಜಿಯಲ್ಲಿ ನೀವು ಈಗ ಧ್ವನಿವರ್ಧಕದ ಸಮಯ ಕೇಳುತ್ತೀರಿ, ಮುಖ್ಯ ಅತಿಥಿ ಯಾರೆಂದು ಕೇಳುತ್ತೀರಿ. ಗ್ಯಾಲರಿ ಇದೆಯೇ, ಕಟ್ಟುವವರು ಯಾರು, ಎಷ್ಟು ಜನಕ್ಕೆ ಎಂದೂ ಕೇಳಿ. ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಎಂಜಿನಿಯರ್ ಒಬ್ಬರು ಪಂದ್ಯದ ದಿನ ಸಂಜೆ ಬಂದು ನೋಡಿ ಸಹಿ ಹಾಕದೆ ಗ್ಯಾಲರಿಗೆ ಜನ ಹತ್ತಬಾರದು ಎಂದು ಷರತ್ತು ಹಾಕಿ. ಗ್ಯಾಲರಿಯೇ ಬೇಡ ಎಂದು ಹೇಳಿದರೂ ನನಗೆ ಸಂತೋಷ. ಮೈದಾನದ ದಿಬ್ಬದ ಮೇಲೆ ಕೂತು ನೋಡಿದ ಆಟ ಯಾರಿಗೂ ಕಡಿಮೆ ರುಚಿಸಿಲ್ಲ.

ಸಮಿತಿಯವರೇ, ಟಿಕೆಟ್ ಪುಸ್ತಕವನ್ನು ಗ್ಯಾಲರಿಯ ಅಳತೆಗೆ ಅಚ್ಚು ಹಾಕಿಸಿ. ನೂರಮೂವತ್ತು ಎಂದರೆ ನೂರಮೂವತ್ತೇ ಹಾಳೆ. ಮೆಟ್ಟಿಲ ಬಳಿ ಇಬ್ಬರನ್ನು ನಿಲ್ಲಿಸಿ, ‘ಇಳಿಯಿರಿ’ ಎಂದು ಮೈಕಿನಲ್ಲಿ ಹೇಳಿದ ಮೇಲೆ ಇಳಿಯುವವರೆಗೆ ಆಟ ನಿಲ್ಲಿಸಿ. ವಿಮೆ ವಿಚಾರಿಸುವವರು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಎಂಬ ಹೆಸರು ನೋಡಿ ಮೋಸಹೋಗಬೇಡಿ, ಅದು ಅಪಾಯಕಾರಿ ರಾಸಾಯನಿಕಗಳಂಥ ವಸ್ತುಗಳನ್ನು ಇಟ್ಟುಕೊಂಡವರಿಗೆ. ನಿಮಗೆ ಬೇಕಾದದ್ದು ಕಾರ್ಯಕ್ರಮಕ್ಕೆಂದು ಸಾಮಾನ್ಯ ವಿಮಾ ಕಂಪನಿಗಳು ಕೊಡುವ ಹೊಣೆಗಾರಿಕೆ ಪಾಲಿಸಿ. ತಾತ್ಕಾಲಿಕ ಗ್ಯಾಲರಿಯನ್ನು ಅದು ಒಳಗೊಳ್ಳುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಫ್ಲೆಕ್ಸಿನ ಆ ಸಾಲನ್ನು ತೆಗೆಯಿರಿ. ಅದರ ಜಾಗದಲ್ಲಿ ನಿಜಕ್ಕೂ ಉಪಯೋಗವಾಗುವ ಎಚ್ಚರಿಕೆ ಇರಲಿ, ದೂರದಿಂದ ಓದುವಂಥ ಅಕ್ಷರದಲ್ಲಿ: ‘ಈ ಬದಿಗೆ ಚೆಂಡು ಬರುತ್ತದೆ, ಆಟದ ಮೇಲೆ ಕಣ್ಣಿಡಿ. ಚಿಕ್ಕ ಮಕ್ಕಳನ್ನು ಹಗ್ಗದ ಹತ್ತಿರ ಕೂರಿಸಬೇಡಿ. ಗ್ಯಾಲರಿಗೆ 130 ಜನ ಮಾತ್ರ. ತುಂಬಿದ್ದರೆ ಹತ್ತಬೇಡಿ, ಟಿಕೆಟ್ ಹಣ ವಾಪಸ್ ಕೊಡುತ್ತೇವೆ. ಪ್ರಥಮ ಚಿಕಿತ್ಸೆ ಸ್ಕೋರ್ ಬೋರ್ಡಿನ ಹಿಂದೆ.’ ನಿಮ್ಮ ಮೈದಾನಕ್ಕೆ ತಕ್ಕಂತೆ ಇದನ್ನು ತಿದ್ದಿಕೊಡಬೇಕಾದರೆ ಕಚೇರಿಗೆ ಬನ್ನಿ. ಬರುವಾಗ ಗ್ಯಾಲರಿ ಗುತ್ತಿಗೆದಾರರನ್ನೂ ಕರೆತನ್ನಿ. ಕತ್ತರಿಮರ ಎಷ್ಟು ಕಟ್ಟುತ್ತಾರೆ ಎಂದು ಅವರನ್ನು ಕೇಳುವುದಿದೆ.

ಇಂತಿ,
ಮೊದಲ ಸಲ ಆ ಸಾಲು ಬರೆದುಕೊಟ್ಟ ನಿಮ್ಮ ತಾಲೂಕಿನ ಒಬ್ಬ ವಕೀಲ